ಆರ್ಬಿಟ್ರೇಷನ್ ಪ್ರಾಯೋಗಿಕ ಪರೀಕ್ಷೆ: ಷರತ್ತು ಬರೆಯುವುದು, ಅವಾರ್ಡ್ ಪ್ರಶ್ನಿಸುವುದು

ಭಾರತದ ಕಾನೂನು ಪದವಿಯಲ್ಲಿ ಪರ್ಯಾಯ ವ್ಯಾಜ್ಯ ಪರಿಹಾರ ಕಡ್ಡಾಯವಾದ ಪ್ರಾಯೋಗಿಕ ಪತ್ರಿಕೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಶಿಕ್ಷಣ ನಿಯಮಗಳು ಗೊತ್ತುಮಾಡಿದ ನಾಲ್ಕು ಪ್ರಾಯೋಗಿಕ ಪತ್ರಿಕೆಗಳಲ್ಲಿ ಇದೂ ಒಂದು. ಅನುಭವಿ ವಕೀಲರು ಕಲ್ಪಿತ ಪ್ರಕರಣಗಳ ಮೂಲಕ ಇದನ್ನು ಕಲಿಸಬೇಕೆಂಬುದು ನಿಯಮ. ಆರ್ಬಿಟ್ರೇಷನ್ ಭಾಗದಲ್ಲಿ ಎರಡು ಬಗೆಯ ಕೆಲಸವನ್ನು ಸಹಜವಾಗಿಯೇ ಕೇಳಬಹುದು. ಒಂದು, ಕರಾರಿಗೆ ಆರ್ಬಿಟ್ರೇಷನ್ ಷರತ್ತು ಬರೆಯುವುದು. ಇನ್ನೊಂದು, ಆರ್ಬಿಟ್ರೇಟರ್ ಕೊಟ್ಟ ತೀರ್ಪು, ಅಂದರೆ ಅವಾರ್ಡ್, ರದ್ದಾಗಲು ಯಾವ ಆಧಾರಗಳಿವೆ ಎಂದು ಹೇಳುವುದು. ಇವೆರಡನ್ನೂ ಬೇರೆ ಬೇರೆ ಪಾಠಗಳೆಂದು ಓದಿಕೊಂಡವರು ಎಡವುತ್ತಾರೆ. ಷರತ್ತಿನಲ್ಲಿ ಉಳಿದ ದೋಷ ವರ್ಷಗಳ ನಂತರ ಅವಾರ್ಡನ್ನೇ ಅಲುಗಾಡಿಸಬಲ್ಲದು. 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ ಸೆಕ್ಷನ್ 7 ಮತ್ತು ಸೆಕ್ಷನ್ 34ನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕಾದದ್ದು ಅದಕ್ಕೇ.

ಒಂದು ಕಲ್ಪಿತ ಪ್ರಕರಣ ತೆಗೆದುಕೊಳ್ಳಬಹುದು. ದಾವಣಗೆರೆಯ ಅಕ್ಕಿ ಗಿರಣಿ ಕಂಪನಿಯೊಂದು ಗೋದಾಮು ಕಟ್ಟಿಸಲು ಬೆಂಗಳೂರಿನ ಗುತ್ತಿಗೆದಾರರೊಂದಿಗೆ 4 ಕೋಟಿ 80 ಲಕ್ಷ ರೂಪಾಯಿಯ ಕರಾರು ಮಾಡಿಕೊಳ್ಳುತ್ತಿದೆ. ಕರಡಿನಲ್ಲಿ ಹೀಗಿದೆ: “ವಿವಾದ ಉಂಟಾದರೆ ಉಭಯ ಪಕ್ಷಗಳು ಒಪ್ಪಿದಲ್ಲಿ ಅದನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸಬಹುದು. ಆರ್ಬಿಟ್ರೇಟರನ್ನು ಗಿರಣಿ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ನೇಮಿಸುವರು. ವಿಚಾರಣೆ ದಾವಣಗೆರೆ ಅಥವಾ ಬೆಂಗಳೂರಿನಲ್ಲಿ ನಡೆಯಬಹುದು.” ಇದನ್ನು ತಿದ್ದಿ ಬರೆಯುವುದು ಮೊದಲ ಪ್ರಶ್ನೆ.

ಮೊದಲ ದೋಷ ‘ಒಪ್ಪಿದಲ್ಲಿ’ ಎಂಬಲ್ಲಿದೆ. ವಿವಾದ ಹುಟ್ಟಿದ ಮೇಲೆ ಮತ್ತೆ ಒಪ್ಪಿಗೆ ಬೇಕು ಎಂದಾದರೆ ಈಗ ಆಗಿರುವುದು ಒಪ್ಪಂದವಲ್ಲ, ಮುಂದೆ ಒಪ್ಪಬಹುದೆಂಬ ಆಶಯ ಮಾತ್ರ. 2007ರ ಜಗದೀಶ್ ಚಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಕ್ಕಣೆಯನ್ನು ಆರ್ಬಿಟ್ರೇಷನ್ ಒಪ್ಪಂದವಲ್ಲ ಎಂದು ತಳ್ಳಿಹಾಕಿತು. ಜಗಳವಾದ ಮೇಲೆ ಸೋಲುವ ಭಯವಿರುವ ಪಕ್ಷ ಒಪ್ಪುವುದು ಅಪರೂಪ. ಹೀಗಾಗಿ ಇಂಥ ಷರತ್ತು ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಎರಡನೆಯದು ನೇಮಕದ ಅಧಿಕಾರ. ಒಂದು ಪಕ್ಷದ ಮ್ಯಾನೇಜಿಂಗ್ ಡೈರೆಕ್ಟರ್ ತಾನೇ ಆರ್ಬಿಟ್ರೇಟರ್ ಆಗಲು 2015ರ ತಿದ್ದುಪಡಿಯ ಸೆಕ್ಷನ್ 12(5) ಮತ್ತು ಏಳನೇ ಅನುಸೂಚಿ ಬಿಡುವುದಿಲ್ಲ. ತಾನು ಆಗಲಾರದವನು ಬೇರೊಬ್ಬನನ್ನು ಒಬ್ಬನೇ ಆರಿಸುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನಲ್ಲಿ ಹೇಳಿತು. ಏಕಪಕ್ಷೀಯ ನೇಮಕ ಪಕ್ಷಗಳ ಸಮಾನತೆಗೆ ವಿರುದ್ಧ ಎಂಬುದನ್ನು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ವಿವಾದ ಹುಟ್ಟಿದ ನಂತರ ಎರಡೂ ಪಕ್ಷಗಳು ಸ್ಪಷ್ಟವಾಗಿ, ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಸೆಕ್ಷನ್ 12(5)ರ ಅಡ್ಡಿ ಸರಿಯುತ್ತದೆ. ಆಕ್ಷೇಪ ಎತ್ತದೆ ವಿಚಾರಣೆಗೆ ಹಾಜರಾದ ಮಾತ್ರಕ್ಕೆ ಒಪ್ಪಿದಂತಾಗದು.

ಮೂರನೆಯ ದೋಷ ಮೇಲ್ನೋಟಕ್ಕೆ ಕಾಣುವುದಿಲ್ಲ. ವಿಚಾರಣೆಗೆ ಕೂರುವ ಸ್ಥಳ ಬೇರೆ, ಆರ್ಬಿಟ್ರೇಷನ್ನಿನ ಕಾನೂನುಬದ್ಧ ನೆಲೆ ಬೇರೆ. ಮೊದಲನೆಯದನ್ನು ‘ವೆನ್ಯೂ’ ಎಂದೂ ಎರಡನೆಯದನ್ನು ‘ಸೀಟ್’ ಎಂದೂ ವಕೀಲರು ಕರೆಯುತ್ತಾರೆ. ಸಾಕ್ಷಿಗಳ ಅನುಕೂಲಕ್ಕೆ ಒಂದು ದಿನ ದಾವಣಗೆರೆಯಲ್ಲಿ ಕುಳಿತರೆ ತೊಂದರೆಯೇನಿಲ್ಲ. ಆದರೆ ಅವಾರ್ಡನ್ನು ಯಾವ ಊರಿನ ಕೋರ್ಟಿನಲ್ಲಿ ಪ್ರಶ್ನಿಸಬೇಕು ಎಂಬುದನ್ನು ನಿರ್ಧರಿಸುವುದು ಸೀಟ್. 2017ರ ಇಂಡಸ್ ಮೊಬೈಲ್ ಪ್ರಕರಣದ ನಂತರ ಸೀಟ್ ಇರುವ ಊರಿನ ಕೋರ್ಟಿಗೆ ಮಾತ್ರ ಆ ಅಧಿಕಾರ ಎಂಬುದು ನೆಲೆಗೊಂಡಿದೆ. ‘ದಾವಣಗೆರೆ ಅಥವಾ ಬೆಂಗಳೂರು’ ಎಂದು ಬರೆದವರು ಎರಡು ಕೋರ್ಟುಗಳ ನಡುವೆ ಮುಂದೆ ನಡೆಯುವ ಇನ್ನೊಂದು ಜಗಳಕ್ಕೆ ಬೀಜ ಬಿತ್ತಿರುತ್ತಾರೆ.

ತಿದ್ದಿದ ಷರತ್ತು ಹೀಗಿರಬಹುದು:

“ಈ ಕರಾರಿನಿಂದ ಅಥವಾ ಇದಕ್ಕೆ ಸಂಬಂಧಿಸಿ ಉಂಟಾಗುವ ಎಲ್ಲ ವಿವಾದಗಳನ್ನು, ಕರಾರಿನ ಸಿಂಧುತ್ವ, ಉಲ್ಲಂಘನೆ ಮತ್ತು ಮುಕ್ತಾಯದ ಪ್ರಶ್ನೆಗಳೂ ಸೇರಿದಂತೆ, 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ ಪ್ರಕಾರ ಆರ್ಬಿಟ್ರೇಷನ್ ಮೂಲಕವೇ ಅಂತಿಮವಾಗಿ ತೀರ್ಮಾನಿಸತಕ್ಕದ್ದು. ಆರ್ಬಿಟ್ರೇಟರ್ ಒಬ್ಬರೇ ಇರತಕ್ಕದ್ದು. ಅವರನ್ನು ಉಭಯ ಪಕ್ಷಗಳು ಒಟ್ಟಾಗಿ ನೇಮಿಸತಕ್ಕದ್ದು. ಒಂದು ಪಕ್ಷದ ಲಿಖಿತ ಕೋರಿಕೆ ಇನ್ನೊಂದು ಪಕ್ಷಕ್ಕೆ ತಲುಪಿದ 30 ದಿನಗಳೊಳಗೆ ಒಮ್ಮತವಾಗದಿದ್ದರೆ ಸೆಕ್ಷನ್ 11ರ ಪ್ರಕಾರ ಕರ್ನಾಟಕ ಹೈಕೋರ್ಟ್ ಮೂಲಕ ನೇಮಕವಾಗತಕ್ಕದ್ದು. ಆರ್ಬಿಟ್ರೇಷನ್ನಿನ ಸೀಟ್ ಬೆಂಗಳೂರು. ನಡಾವಳಿಯ ಭಾಷೆ ಕನ್ನಡ ಮತ್ತು ಇಂಗ್ಲಿಷ್.”

ಇದರಲ್ಲಿ ಅಲಂಕಾರವಿಲ್ಲ, ಇರಲೂಬಾರದು. ‘ಸಂಬಂಧಿಸಿ’ ಎಂಬ ಪದ ವ್ಯಾಪ್ತಿಯನ್ನು ಹಿಗ್ಗಿಸುತ್ತದೆ, ‘ತಕ್ಕದ್ದು’ ಎಂಬುದು ಕಡ್ಡಾಯ ಮಾಡುತ್ತದೆ. ಆರ್ಬಿಟ್ರೇಟರ್‌ಗಳ ಸಂಖ್ಯೆ ಸರಿಸಂಖ್ಯೆಯಾಗಬಾರದೆಂದು ಸೆಕ್ಷನ್ 10 ಹೇಳುತ್ತದೆ. ಐದು ಕೋಟಿ ಮುಟ್ಟದ ಕರಾರಿಗೆ ಮೂವರನ್ನು ಕೂರಿಸಿದರೆ ಶುಲ್ಕದ ಹೊರೆ ಹೆಚ್ಚುತ್ತದೆ, ಮೂವರಿಗೂ ಹೊಂದುವ ದಿನಾಂಕ ಸಿಗುವುದೂ ಕಷ್ಟ. ಒಬ್ಬರೇ ಸಾಕು ಎಂಬ ಆಯ್ಕೆಗೆ ಉತ್ತರದಲ್ಲಿ ಈ ಕಾರಣವನ್ನು ಒಂದು ಸಾಲಿನಲ್ಲಿ ಕೊಡುವುದು ಒಳ್ಳೆಯದು.

ಇನ್ನು ಎರಡನೆಯ ಪ್ರಶ್ನೆ. ಗೋದಾಮು ತಡವಾಗಿ ಮುಗಿಯುತ್ತದೆ, ಕೊನೆಯ ಬಿಲ್ ಬಾಕಿ ಉಳಿಯುತ್ತದೆ, ವಿವಾದ ಆರ್ಬಿಟ್ರೇಟರ್ ಮುಂದೆ ಹೋಗುತ್ತದೆ. ಅವಾರ್ಡಿನಲ್ಲಿ ಗುತ್ತಿಗೆದಾರರಿಗೆ ಕೊನೆಯ ಬಿಲ್ಲಿನ 62 ಲಕ್ಷ, ಉಕ್ಕಿನ ಬೆಲೆ ಏರಿಕೆಗೆಂದು 9 ಲಕ್ಷ, ಕಾಂಪೌಂಡ್ ಗೋಡೆಗೆ 11 ಲಕ್ಷ, ಜೊತೆಗೆ ಹಣ ಬಾಕಿಯಾದ ದಿನದಿಂದ ಅವಾರ್ಡಿನ ದಿನದವರೆಗೆ ಶೇ. 18ರ ಬಡ್ಡಿ ಸಿಕ್ಕಿದೆ. ಗಿರಣಿ ಕಂಪನಿ ನಾಲ್ಕನ್ನೂ ಪ್ರಶ್ನಿಸಲು ಬಯಸುತ್ತದೆ.

ಇಲ್ಲಿ ವಿದ್ಯಾರ್ಥಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು, ಸೆಕ್ಷನ್ 34ರ ಅರ್ಜಿ ಮೇಲ್ಮನವಿ ಅಲ್ಲ. ಕೋರ್ಟು ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. 62 ಲಕ್ಷದ ವಿಷಯದಲ್ಲಿ ಕಂಪನಿಯ ದೂರು, ತನ್ನ ಸಾಕ್ಷಿಯನ್ನು ನಂಬದೆ ಗುತ್ತಿಗೆದಾರರ ಎಂಜಿನಿಯರನ್ನು ನಂಬಿದರು ಎಂಬುದು. ಅದು ನಿಜವೇ ಇರಬಹುದು, ಆದರೂ ಅದು ಆಧಾರವಲ್ಲ. ಅವಾರ್ಡಿನ ಮುಖದಲ್ಲೇ ಕಾಣುವ ಅಕ್ರಮ ಎಂಬ ಆಧಾರವನ್ನು ಸೆಕ್ಷನ್ 34(2ಎ) ಕೊಡುತ್ತದೆ, ಆದರೆ ಕಾನೂನನ್ನು ತಪ್ಪಾಗಿ ಅನ್ವಯಿಸಿದ ಮಾತ್ರಕ್ಕೆ ಅಥವಾ ಸಾಕ್ಷ್ಯದ ಮರುಪರಿಶೀಲನೆಗಾಗಿ ಅವಾರ್ಡ್ ರದ್ದಾಗದು ಎಂದೂ ಅದೇ ಉಪವಿಧಿ ಸೇರಿಸುತ್ತದೆ. ಯಾವುದು ಆಧಾರವಾಗುವುದಿಲ್ಲ ಎಂದು ಧೈರ್ಯವಾಗಿ ಬರೆಯುವುದೂ ಸರಿಯಾದ ಉತ್ತರದ ಭಾಗ. ಎಲ್ಲ ಆಧಾರಗಳನ್ನೂ ಎಲ್ಲ ಮೊತ್ತಗಳಿಗೂ ಸುರಿದ ಉತ್ತರದಲ್ಲಿ ಗಟ್ಟಿಯಾದದ್ದೂ ಕಾಣದೆ ಹೋಗುತ್ತದೆ.

ಉಕ್ಕಿನ 9 ಲಕ್ಷದ ಕಥೆ ಬೇರೆ. ವಿಚಾರಣೆ ಮುಗಿದ ಮೇಲೆ ಆರ್ಬಿಟ್ರೇಟರ್ ತಾವೇ ವ್ಯಾಪಾರಿಯೊಬ್ಬರಿಂದ ದರಪಟ್ಟಿ ತರಿಸಿಕೊಂಡು ಲೆಕ್ಕ ಹಾಕಿದ್ದಾರೆ. ಅದನ್ನು ಕಂಪನಿಗೆ ತೋರಿಸಿಲ್ಲ. ಪಟ್ಟಿಯಲ್ಲಿರುವ ದರ ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಇಲ್ಲಿ ಬೇಡ. ತನ್ನ ವಿರುದ್ಧ ಬಳಕೆಯಾದ ದಾಖಲೆಗೆ ಉತ್ತರಿಸುವ ಅವಕಾಶ ಸಿಗದಿದ್ದರೆ ಪಕ್ಷಕ್ಕೆ ತನ್ನ ವಾದ ಮಂಡಿಸಲು ಆಗಲಿಲ್ಲ ಎಂದೇ ಅರ್ಥ. ಅದು ಸೆಕ್ಷನ್ 34(2)(ಎ)(iii)ರ ಆಧಾರ. 2019ರ ಸಾಂಗ್‌ಯಾಂಗ್ ಪ್ರಕರಣದಲ್ಲಿ ದಾಖಲೆಯಲ್ಲಿಲ್ಲದ ಸರ್ಕಾರಿ ಮಾರ್ಗಸೂಚಿಯನ್ನು ಆರ್ಬಿಟ್ರೇಟರ್‌ಗಳು ಬಳಸಿದಾಗ ಸುಪ್ರೀಂ ಕೋರ್ಟ್ ಇದೇ ಆಧಾರವನ್ನು ಒಪ್ಪಿತು.

ಕಾಂಪೌಂಡ್ ಗೋಡೆಯ ಕೆಲಸ ಗೋದಾಮಿನ ಕರಾರಿನಲ್ಲಿ ಇರಲಿಲ್ಲ. ಅದು ನಂತರ ಬಾಯಿಮಾತಿನಲ್ಲಿ ಆದ ಪ್ರತ್ಯೇಕ ಒಪ್ಪಂದ, ಅದಕ್ಕೆ ಆರ್ಬಿಟ್ರೇಷನ್ ಷರತ್ತಿಲ್ಲ. ಒಪ್ಪಿಸದೇ ಇದ್ದ ವಿಷಯವನ್ನು ತೀರ್ಮಾನಿಸಿದ್ದು ಸೆಕ್ಷನ್ 34(2)(ಎ)(iv)ರ ಅಡಿ ಬರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ವ್ಯಾಪ್ತಿ ಮೀರಿದ ಆಕ್ಷೇಪವನ್ನು ವಿಚಾರಣೆಯಲ್ಲಿ ಆ ವಿಷಯ ಬಂದ ಕೂಡಲೇ ಎತ್ತಬೇಕೆಂದು ಸೆಕ್ಷನ್ 16 ವಿಧಿಸುತ್ತದೆ. ಸುಮ್ಮನಿದ್ದು ಸೋತ ಮೇಲೆ ಎತ್ತಿದರೆ ಹಕ್ಕು ಬಿಟ್ಟುಕೊಟ್ಟಿದ್ದೀರಿ ಎಂಬ ಮಾತು ಬರುತ್ತದೆ. ಹೀಗಾಗಿ ಪ್ರಶ್ನೆಯಲ್ಲಿ ಕೊಟ್ಟ ಸಂಗತಿಗಳಲ್ಲಿ ಕಂಪನಿ ಲಿಖಿತ ಆಕ್ಷೇಪ ಸಲ್ಲಿಸಿತ್ತೇ ಎಂದು ಹುಡುಕಬೇಕು. 2019ರ ತಿದ್ದುಪಡಿಯ ನಂತರ ಇಂಥ ಆಧಾರಗಳನ್ನು ಆರ್ಬಿಟ್ರೇಟರ್ ಮುಂದಿದ್ದ ದಾಖಲೆಗಳಿಂದಲೇ ತೋರಿಸಬೇಕಾಗಿರುವುದರಿಂದ ಆ ಆಕ್ಷೇಪದ ಕಾಗದಕ್ಕೆ ಇನ್ನೂ ಬೆಲೆ ಬಂದಿದೆ.

ಬಡ್ಡಿಯದು ಸ್ಪಷ್ಟ. ಬಾಕಿ ಹಣಕ್ಕೆ ಅವಾರ್ಡಿನವರೆಗಿನ ಅವಧಿಗೆ ಬಡ್ಡಿ ಇಲ್ಲ ಎಂದು ಕರಾರಿನಲ್ಲೇ ಬರೆದಿದೆ. ಪಕ್ಷಗಳು ಬೇರೆ ರೀತಿ ಒಪ್ಪಿರದಿದ್ದರೆ ಮಾತ್ರ ಆ ಅವಧಿಯ ಬಡ್ಡಿ ಕೊಡಬಹುದೆಂದು ಸೆಕ್ಷನ್ 31(7)(ಎ) ಹೇಳುತ್ತದೆ. ಕಾಯ್ದೆಯ ಮಾತನ್ನೇ ಮೀರಿದ ಈ ಭಾಗ ಮುಖದಲ್ಲೇ ಕಾಣುವ ಅಕ್ರಮ. ಅವಾರ್ಡಿನ ನಂತರದ ಬಡ್ಡಿಗೆ ಈ ವಾದ ತಾಗದು, ಅದಕ್ಕೆ ಅದೇ ಸೆಕ್ಷನ್ನಿನ ಬೇರೆ ಉಪವಿಧಿ ಇದೆ.

ಹೀಗೆ ನಾಲ್ಕರಲ್ಲಿ ಮೂರು ಮೊತ್ತಗಳಿಗೆ ಆಧಾರ ಸಿಕ್ಕಿತು. ಹಾಗೆಂದು ಇಡೀ ಅವಾರ್ಡ್ ಬೀಳಬೇಕಿಲ್ಲ. ವ್ಯಾಪ್ತಿ ಮೀರಿದ ಭಾಗವನ್ನು ಬೇರ್ಪಡಿಸಬಹುದಾದರೆ ಅಷ್ಟನ್ನೇ ರದ್ದು ಮಾಡಬಹುದೆಂದು ಕಾಯ್ದೆಯೇ ಹೇಳುತ್ತದೆ. 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, 4:1ರ ಬಹುಮತದಿಂದ, ಅವಾರ್ಡನ್ನು ಸೀಮಿತವಾಗಿ ಮಾರ್ಪಡಿಸುವ ಅಧಿಕಾರವೂ ಕೋರ್ಟಿಗಿದೆ ಎಂದಿತು. ಆದ್ದರಿಂದ ಅರ್ಜಿಯ ಕೋರಿಕೆಯಲ್ಲಿ ಉಕ್ಕು, ಗೋಡೆ, ಬಡ್ಡಿ ಈ ಮೂರು ಭಾಗಗಳನ್ನು ಹೆಸರಿಸಿ ರದ್ದು ಕೇಳುವುದೇ ಸರಿ.

ಎಷ್ಟೇ ಗಟ್ಟಿ ಆಧಾರವಿದ್ದರೂ ದಿನಾಂಕ ತಪ್ಪಿದರೆ ಅರ್ಜಿ ಉಳಿಯದು. ಸೆಕ್ಷನ್ 34(3)ರ ಗಡುವು ಮೂರು ತಿಂಗಳು. ಸಾಕಷ್ಟು ಕಾರಣ ತೋರಿಸಿದರೆ ಇನ್ನು 30 ದಿನ, ಅದರಾಚೆ ಒಂದು ದಿನವೂ ಇಲ್ಲ. ವಿಳಂಬ ಮನ್ನಿಸುವ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5 ಇಲ್ಲಿ ನೆರವಿಗೆ ಬರದು ಎಂದು 2001ರ ಪಾಪ್ಯುಲರ್ ಕನ್‌ಸ್ಟ್ರಕ್ಷನ್ ತೀರ್ಪು ಹೇಳಿದೆ. ಲೆಕ್ಕ ಶುರುವಾಗುವುದು ಅವಾರ್ಡಿನ ಮೇಲಿರುವ ದಿನಾಂಕದಿಂದಲ್ಲ, ಸಹಿ ಮಾಡಿದ ಪ್ರತಿ ಪಕ್ಷದ ಕೈಸೇರಿದ ದಿನದಿಂದ. ಕಂಪನಿಗೆ ಆ ಪ್ರತಿ 2025ರ ಜುಲೈ 14ರಂದು ತಲುಪಿದ್ದರೆ ಮೂರು ತಿಂಗಳು ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ಹೆಚ್ಚುವರಿ ಅವಧಿ ನವೆಂಬರ್ 13ಕ್ಕೆ. ಮೂರು ತಿಂಗಳನ್ನು 90 ದಿನವೆಂದು ಎಣಿಸಿದರೆ ಅಕ್ಟೋಬರ್ 12 ಬರುತ್ತದೆ. ಆ ಲೆಕ್ಕ ತಪ್ಪು.

ಅರ್ಜಿ ಹೋಗಬೇಕಾದದ್ದು ಸೀಟ್ ಇರುವ ಬೆಂಗಳೂರಿನ ಕಮರ್ಷಿಯಲ್ ಕೋರ್ಟಿಗೆ. ಸಲ್ಲಿಸುವ ಮೊದಲು ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟು, ಕೊಟ್ಟಿದ್ದೇವೆಂಬ ಅಫಿಡವಿಟ್ ಲಗತ್ತಿಸಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಹಣ ವಸೂಲಿ ನಿಲ್ಲುವುದಿಲ್ಲ. ಸೆಕ್ಷನ್ 36ರ ಅಡಿ ಪ್ರತ್ಯೇಕವಾಗಿ ತಡೆಯಾಜ್ಞೆ ಕೇಳಬೇಕು, ಕೋರ್ಟು ಹಣ ಠೇವಣಿ ಇಡಲು ಹೇಳಬಹುದು. ಅವಾರ್ಡ್ ರದ್ದಾದ ಭಾಗಕ್ಕೆ ಗುತ್ತಿಗೆದಾರರು ಮತ್ತೆ ಆರ್ಬಿಟ್ರೇಷನ್ ಹೂಡಲು ಬಯಸಿದರೆ, ಮೊದಲ ಆರ್ಬಿಟ್ರೇಷನ್ ಶುರುವಾದ ದಿನದಿಂದ ರದ್ದತಿ ಆದೇಶದ ದಿನದವರೆಗಿನ ಕಾಲವನ್ನು ಸೆಕ್ಷನ್ 43(4)ರ ಪ್ರಕಾರ ಲಿಮಿಟೇಷನ್ ಲೆಕ್ಕದಿಂದ ಬಿಡಲಾಗುತ್ತದೆ. ಆರ್ಬಿಟ್ರೇಷನ್ ಷರತ್ತೇ ಇಲ್ಲದ ಗೋಡೆಯ 11 ಲಕ್ಷಕ್ಕೆ ಮಾತ್ರ ಅವರು ಹೊಸ ಒಪ್ಪಂದವಾಗದ ಹೊರತು ಸಿವಿಲ್ ದಾವೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ.