ಇಂಡೆಂಟ್ ವಾಪಸ್ ಬರುವುದೇಕೆ?

ನೂರಿನ್ನೂರು ಜನ ಕೆಲಸ ಮಾಡುವ ಯಾವ ಕಚೇರಿಗೆ ಹೋದರೂ ಅಕೌಂಟ್ಸ್‌ನವರ ಮೇಲೆ ಈ ದೂರು ಇದ್ದೇ ಇರುತ್ತದೆ: 'ಬಜೆಟ್‌ನಲ್ಲಿ ದುಡ್ಡಿದೆ, ಆದರೂ ನಮ್ಮ ಇಂಡೆಂಟ್ ವಾಪಸ್ ಕಳಿಸಿದರು.' ಹೆಚ್ಚಿನ ಸಲ ಇಬ್ಬರೂ ಹೇಳುವುದು ನಿಜವೇ. ನೋಡುತ್ತಿರುವ ಲೆಕ್ಕ ಮಾತ್ರ ಬೇರೆ ಬೇರೆ.

ಐಟಿ ವಿಭಾಗಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ಕೊಟ್ಟಿದ್ದಾರೆ ಎನ್ನೋಣ. ಇದುವರೆಗೆ 7,40,000ದ ಬಿಲ್ಲುಗಳು ಲೆಕ್ಕಕ್ಕೆ ಬಂದಿವೆ. ಹಾಗಾದರೆ ಖಾತೆಯಲ್ಲಿ 4,60,000 ಉಳಿದಂತೆ ಕಾಣುತ್ತದೆ. ಐದು ಲ್ಯಾಪ್‌ಟಾಪ್‌ಗೆ, ತಲಾ 55,000ದಂತೆ, 2,75,000ದ ಇಂಡೆಂಟ್ ಹೋಗುತ್ತದೆ. ಆದರೆ ಹೋದ ತಿಂಗಳು ಸರ್ವರ್‌ಗೆಂದು 3,10,000ದ ಪರ್ಚೇಸ್ ಆರ್ಡರ್ ಕೊಟ್ಟಾಗಿದೆ. ಮಾಲು ಬಂದಿಲ್ಲ, ಬಿಲ್ಲೂ ಇಲ್ಲ. ಹಾಗೆಂದು ಆ ಹಣ ನಮ್ಮದಾಗಿ ಉಳಿದಿಲ್ಲ, ಕೊಡುತ್ತೇವೆಂದು ಒಪ್ಪಿಯಾಗಿದೆ. ನಿಜವಾಗಿ ಉಳಿದಿರುವುದು 1,50,000 ಮಾತ್ರ. ಲ್ಯಾಪ್‌ಟಾಪ್‌ಗೆ 1,25,000 ಕಡಿಮೆ ಬಿತ್ತು.

ಈ ಒಪ್ಪಿದ ಹಣವನ್ನು ಬಿಲ್ ಬಂದ ದಿನ ತೆಗೆದುಹಾಕಬೇಕು, ಇಲ್ಲದಿದ್ದರೆ ಒಂದೇ ಖರ್ಚು ಎರಡು ಸಲ ಎಣಿಕೆಗೆ ಬರುತ್ತದೆ. ಸರ್ವರ್ 2,90,000ಕ್ಕೇ ಸಿಕ್ಕಿದರೆ ಮಿಕ್ಕ 20,000 ವಿಭಾಗಕ್ಕೆ ಮರಳಬೇಕು. ಇಲ್ಲೇ ಎಡವುವುದು. ಅರ್ಧ ಮಾಲು ಬಂದು ನಿಂತುಹೋದ ಹಳೆಯ ಆರ್ಡರ್‌ಗಳನ್ನು ಯಾರೂ ಮುಚ್ಚುವುದಿಲ್ಲ, ಬಜೆಟ್ ಸುಮ್ಮನೆ ಕಟ್ಟಿಹಾಕಿಕೊಂಡಿರುತ್ತದೆ. ಆರು ತಿಂಗಳಿಗಿಂತ ಹಳೆಯ ಆರ್ಡರ್‌ಗಳ ಪಟ್ಟಿ ತೆಗೆಸಿ ನೋಡಿದರೆ ಸಿಕ್ಕಿಬೀಳುತ್ತವೆ.

ಬಜೆಟ್ ಇದ್ದ ಮಾತ್ರಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಮ್ಯಾನೇಜರ್‌ಗೆ 50,000, ವಿಭಾಗದ ಮುಖ್ಯಸ್ಥರಿಗೆ 3 ಲಕ್ಷ, ಅದಕ್ಕೂ ಮೇಲೆ ಹೋದರೆ ನಿರ್ದೇಶಕರು ಎಂಬ ಮಿತಿ ಇದೆಯೆನ್ನಿ. 2,75,000 ಮುಖ್ಯಸ್ಥರ ಕೈಯಲ್ಲೇ ಮುಗಿಯಬೇಕು. ಶೇ. 18ರ ಜಿಎಸ್‌ಟಿ ಸೇರಿಸಿದರೆ 3,24,500 ಆಗಿ ನಿರ್ದೇಶಕರ ಮೇಜಿಗೆ ಹೋಗುತ್ತದೆ. ಮಿತಿಯನ್ನು ತೆರಿಗೆ ಸೇರಿಸಿ ಅಳೆಯಬೇಕೋ ಬಿಟ್ಟೋ ಎಂದು ನಿಯಮದಲ್ಲೇ ಬರೆದಿಡದ ಕಚೇರಿಗಳಲ್ಲಿ ಅರ್ಧ ಜಗಳ ಇದರ ಮೇಲೆಯೇ.

ಮಿತಿ ಇದ್ದಲ್ಲಿ ತಪ್ಪಿಸಿಕೊಳ್ಳುವ ದಾರಿಯೂ ಹುಟ್ಟುತ್ತದೆ: ಒಂದೇ ಅಂಗಡಿಗೆ, ಒಂದೇ ವಾರದಲ್ಲಿ, 49,000ದ ಮೂರು ಇಂಡೆಂಟ್. ಬೇಡಿಕೆಯನ್ನು ಹೀಗೆ ತುಂಡು ಮಾಡಿ ಮೇಲಿನವರ ಮಂಜೂರಾತಿ ತಪ್ಪಿಸುವುದನ್ನು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸರ್ಕಾರಿ ಖರೀದಿಯಲ್ಲಿ ನಿಷೇಧಿಸಿವೆ. ಖಾಸಗಿಯವರು ಸ್ವಂತ ನಿಯಮ ಮಾಡಿಕೊಳ್ಳಬೇಕು. ಮಿತಿಗೆ ತುಸು ಕೆಳಗಿನ ಮೊತ್ತಗಳು ಪದೇ ಪದೇ ಬರುತ್ತಿದ್ದರೆ ಆ ಮೂರನ್ನೂ ಕೂಡಿಸಿ ನೋಡಬೇಕು.

ಲ್ಯಾಪ್‌ಟಾಪ್ ಕತೆಗೆ ಬಂದರೆ, ಎರಡನ್ನು ಈಗ ಕೊಂಡು ಮೂರನ್ನು ಏಪ್ರಿಲ್‌ಗೆ ಮುಂದೂಡಬಹುದು. ಐದರ ಬೇಡಿಕೆಯನ್ನೂ ಒಂದೇ ಇಂಡೆಂಟ್‌ನಲ್ಲಿ ಕಾಣಿಸಿ, ಮುಂದೂಡಿದ್ದಕ್ಕೆ ಕಾರಣ ಬರೆದರೆ ಅದು ತುಂಡು ಮಾಡಿದಂತಲ್ಲ. ಆದರೆ ಮಾರ್ಚ್ ಕೊನೆಗೆ ಆರ್ಡರ್ ಕೊಟ್ಟು ಮಾಲು ಏಪ್ರಿಲ್‌ನಲ್ಲಿ ಬಂದರೆ ಖರ್ಚು ಹೊಸ ವರ್ಷದ ಲೆಕ್ಕಕ್ಕೆ ಬೀಳುತ್ತದೆ. ಹಳೆಯ ವರ್ಷದ ಹಣವನ್ನು ಅದರ ಜೊತೆ ಮುಂದಕ್ಕೆ ಒಯ್ಯಲು ಅನುಮತಿ ಪಡೆದಿರದಿದ್ದರೆ, ಐಟಿ ವಿಭಾಗದ ಹೊಸ ಬಜೆಟ್ ಮೊದಲ ತಿಂಗಳಲ್ಲೇ ಕರಗಲು ಶುರುವಾಗುತ್ತದೆ.