ರ‍್ಯಾಮ್ ತಾನಾಗಿ ಏಳಬೇಕು

ಕಳೆದ ತಿಂಗಳು ತಂಗಿಯ ಮಗಳು ತನ್ನ ಆರು ವರ್ಷದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಒಳಗಿದ್ದ 4 ಜಿಬಿ ರ‍್ಯಾಮ್ ತೆಗೆದು 8 ಜಿಬಿಯದನ್ನು ಹಾಕಬೇಕಿತ್ತು. ಹೊಸ ರ‍್ಯಾಮ್ ಅವಳ ಕೈಯಲ್ಲೇ ಇತ್ತು. ಹಿಂಬದಿಯ ಮುಚ್ಚಳವನ್ನೂ ಅವಳೇ ಬಿಚ್ಚಿದ್ದಳು. ಆದರೆ ಹಳೆಯದು ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. "ಮಾಮ, ಎಡಗಡೆ ಕ್ಲಿಪ್ ಬಿಡುತ್ತೆ, ಬಲಗಡೆದು ಬಿಡ್ತಾನೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಮೇಲಕ್ಕೆ ಮೀಟಲಾ?" ಎಂದು ಕೇಳಿದಳು. ಮೀಟುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ರ‍್ಯಾಮ್ ಹಾಳಾದರೆ ಬೇರೆಯದು ಕೊಳ್ಳಬಹುದು. ಸ್ಲಾಟ್ ಹಾಳಾದರೆ ಅದು ಮದರ್‌ಬೋರ್ಡಿಗೆ ಬೆಸುಗೆಯಾಗಿರುವ ಭಾಗ, ಸುಲಭಕ್ಕೆ ಬದಲಾಗುವಂಥದ್ದಲ್ಲ.

ಲ್ಯಾಪ್‌ಟಾಪಿನ ರ‍್ಯಾಮ್ ಎಂದರೆ ಸುಮಾರು 7 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲದ ತೆಳು ಹಲಗೆ. ಉದ್ದದ ಒಂದು ಅಂಚಿನಲ್ಲಿ ಚಿನ್ನದ ಲೇಪದ ಗೆರೆಗಳಿರುತ್ತವೆ. ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದು ಡಿಡಿಆರ್4 ಬಗೆಯದು. ಅದರಲ್ಲಿ ಎರಡೂ ಮುಖ ಸೇರಿ ಇಂಥ 260 ಗೆರೆಗಳು, ಒಂದರಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್. ಸ್ಲಾಟಿನ ಒಳಗೆ ಪ್ರತಿ ಗೆರೆಗೂ ಒಂದೊಂದು ಪುಟ್ಟ ಸ್ಪ್ರಿಂಗ್ ಪಿನ್ ಕಾದಿರುತ್ತದೆ. ಹಲಗೆಯ ಎಡ ಬಲ ಅಂಚುಗಳಲ್ಲಿ ಅರ್ಧಚಂದ್ರಾಕಾರದ ಒಂದೊಂದು ಕಚ್ಚು ಇದೆ. ಸ್ಲಾಟಿನ ಎರಡು ತುದಿಗಳಿಂದ ಎರಡು ತೋಳುಗಳು ಹಲಗೆಯ ಪಕ್ಕಕ್ಕೆ ಚಾಚಿಕೊಂಡಿವೆ. ತೋಳಿನ ತುದಿಯ ಬಳಿ ಇರುವ ಉಬ್ಬು ಆ ಕಚ್ಚಿನಲ್ಲಿ ಕೂತು ಹಲಗೆ ಹಿಂದಕ್ಕೆ ಜಾರದಂತೆ ತಡೆಯುತ್ತದೆ. ಅದರ ಮೇಲಿನ ಚಿಕ್ಕ ನಾಲಿಗೆ ಹಲಗೆ ಮೇಲೇಳದಂತೆ ತಡೆಯುತ್ತದೆ.

ಈ ಏರ್ಪಾಟಿನ ಜಾಣತನ ಪಿನ್ನುಗಳ ಜೋಡಣೆಯಲ್ಲಿದೆ. ಮೇಲಿನ ಸಾಲಿನ ಪಿನ್ನುಗಳೂ ಕೆಳಗಿನ ಸಾಲಿನ ಪಿನ್ನುಗಳೂ ಒಂದಕ್ಕೊಂದು ನೇರವಾಗಿ ಎದುರಾಗಿಲ್ಲ, ಒಂದು ಸಾಲು ತುಸು ಹಿಂದೆ, ಇನ್ನೊಂದು ತುಸು ಮುಂದೆ. ಹೀಗಾಗಿ ಮಲಗಿಸಿದ ಹಲಗೆಯನ್ನು ಅವು ಹಿಡಿದಿಟ್ಟುಕೊಳ್ಳುವುದಷ್ಟೇ ಅಲ್ಲ, ಸದಾ ಮೇಲಕ್ಕೆ ತಿರುಗಿಸಲು ನೋಡುತ್ತಿರುತ್ತವೆ. ಒಂದೊಂದರ ಬಲ ಅತ್ಯಲ್ಪ. ಆದರೆ 260 ಸೇರಿದಾಗ ಹಲಗೆಯನ್ನು ಸುಮಾರು 30 ಡಿಗ್ರಿ ಎಬ್ಬಿಸಿ ನಿಲ್ಲಿಸುವಷ್ಟು ಬಲವಾಗುತ್ತದೆ. ಎಂದರೆ ರ‍್ಯಾಮನ್ನು ನಾವು ಎತ್ತಬೇಕಾಗಿಯೇ ಇಲ್ಲ. ಎತ್ತುವ ಕೆಲಸ ಸ್ಲಾಟಿನದು, ದಾರಿ ಬಿಡಿಸುವುದಷ್ಟೇ ನಮ್ಮದು. ಹಲಗೆ ತಾನಾಗಿ ಏಳಲಿಲ್ಲ ಎಂದರೆ ಎಲ್ಲೋ ಒಂದು ಕ್ಲಿಪ್ ಇನ್ನೂ ಹಿಡಿದಿದೆ ಎಂದೇ ಅರ್ಥ. ಆಗ ಮೀಟಿದರೆ ನಮ್ಮ ಬಲವೆಲ್ಲ ಹಿಡಿದಿರುವ ಆ ಒಂದು ತೋಳಿನ ಮೇಲೆ ಬೀಳುತ್ತದೆ.

ಹಾಗಾದರೆ ಕೆಲವು ಕ್ಲಿಪ್ಪುಗಳು ಅಷ್ಟು ಬಿಗಿ ಏಕೆ? ಮೊದಲ ಕಾರಣ ತೋಳಿನ ಅಳತೆ. ಒಂದು ತುದಿ ಬಿಗಿದ ಪಟ್ಟಿಯನ್ನು ಇನ್ನೊಂದು ತುದಿಯಲ್ಲಿ ಬಾಗಿಸುವಾಗ, ಪಟ್ಟಿಯ ಉದ್ದ ಅರ್ಧವಾದರೆ ಅಷ್ಟೇ ಬಾಗಿಸಲು ಎಂಟು ಪಟ್ಟು ಬಲ ಬೇಕು. ದಪ್ಪ ಎರಡರಷ್ಟಾದರೂ ಅದೇ ಲೆಕ್ಕ. ಹಾಗಾಗಿ ತೋಳು ಒಂದೆರಡು ಮಿಲಿಮೀಟರ್ ಗಿಡ್ಡವಾದರೂ ಬೆರಳಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯ ಕಾರಣ ಘರ್ಷಣೆ. ಪಿನ್ನುಗಳು ಹಲಗೆಯನ್ನು ಮೇಲಕ್ಕೆ ನೂಕುತ್ತಿರುವುದರಿಂದ ಹಲಗೆಯ ಅಂಚು ಕ್ಲಿಪ್ಪಿನ ನಾಲಿಗೆಗೆ ಕೆಳಗಿನಿಂದ ಒತ್ತಿಕೊಂಡಿರುತ್ತದೆ. ಆರು ವರ್ಷ ಒಂದೇ ಕಡೆ ಒತ್ತಿಕೊಂಡು, ನಡುವೆ ದೂಳೂ ಕೂತರೆ ನಾಲಿಗೆ ಪಕ್ಕಕ್ಕೆ ಸರಿಯಲು ಒಪ್ಪುವುದಿಲ್ಲ. ಇದಕ್ಕೆ ಉಪಾಯ ನಮ್ಮ ಹಳೆಯ ಮನೆಗಳ ಬಾಗಿಲಲ್ಲೇ ಇದೆ. ಚಿಲಕ ಬಿಗಿಯಾದಾಗ ಅದನ್ನು ಜಗ್ಗಾಡುವುದಿಲ್ಲ, ಇನ್ನೊಂದು ಕೈಯಿಂದ ಕದವನ್ನು ತುಸು ಒತ್ತಿ ಹಿಡಿಯುತ್ತೇವೆ. ಚಿಲಕದ ಮೇಲಿದ್ದ ಭಾರ ಇಳಿದು ಅದು ಹಗುರವಾಗಿ ಸರಿಯುತ್ತದೆ. ಇಲ್ಲಿಯೂ ಅಷ್ಟೆ. ಕ್ಲಿಪ್ ಬಿಡಿಸುವ ಮುಂಚೆ ಹಲಗೆಯ ಆ ಮೂಲೆಯನ್ನು ಬೆರಳಿನಿಂದ ಕೂದಲೆಳೆಯಷ್ಟು ಕೆಳಕ್ಕೆ ಒತ್ತಬೇಕು. ನಾಲಿಗೆಯ ಮೇಲಿನ ಭಾರ ಹೋಗುತ್ತದೆ. ಮಿಕ್ಕಿದ್ದು ತೋಳಿನ ಬಿಗಿ ಮಾತ್ರ.

ಆ ಬಿಗಿಯನ್ನು ಎಲ್ಲಿ ಒತ್ತಿ ಮಣಿಸುವುದು ಎಂಬುದೂ ಮುಖ್ಯ. ಮಾವಿನ ಕೊಂಬೆ ಬಗ್ಗಿಸುವ ಹುಡುಗರು ತುದಿಗೆ ಕೈ ಹಾಕುತ್ತಾರೆ, ಬುಡಕ್ಕಲ್ಲ. ಕ್ಲಿಪ್ಪಿನ ತೋಳನ್ನು ತುದಿಯ ಬದಲು ನಟ್ಟನಡುವೆ ಒತ್ತಿದರೆ, ತುದಿ ಅಷ್ಟೇ ದೂರ ಸರಿಯಲು ಮೂರು ಪಟ್ಟಿಗೂ ಹೆಚ್ಚು ಬಲ ಬೇಕಾಗುತ್ತದೆ. ಬುಡದ ಮೇಲೆ ಬೀಳುವ ಒತ್ತಡವೂ ಒಂದೂವರೆ ಪಟ್ಟು ದಾಟುತ್ತದೆ. ಲೋಹದ ತೋಳು ಬಾಗಿ ಹಾಗೇ ಉಳಿಯುವುದೂ ಪ್ಲಾಸ್ಟಿಕ್ ತೋಳು ಮುರಿಯುವುದೂ ಸಾಮಾನ್ಯವಾಗಿ ಈ ಬುಡದಲ್ಲೇ.

ಬಿಗಿ ಕ್ಲಿಪ್ ಹೆಚ್ಚು ಬಲ ಕೇಳುತ್ತದೆಯೇ ಹೊರತು ಹೆಚ್ಚು ದೂರ ಕೇಳುವುದಿಲ್ಲ. ಸಡಿಲ ಕ್ಲಿಪ್ಪಾಗಲಿ ಬಿಗಿ ಕ್ಲಿಪ್ಪಾಗಲಿ, ನಾಲಿಗೆ ಹಲಗೆಯ ಅಂಚನ್ನು ದಾಟಿದರೆ ಸಾಕು. ಅದು ಮಿಲಿಮೀಟರಿನ ಆಸುಪಾಸಿನ ಮಾತು. ಬಲ ಬೇಕೆಂದು ಝಾಡಿಸಿ ಒತ್ತಿದಾಗ ಕ್ಲಿಪ್ ಒಮ್ಮೆಲೇ ಬಿಟ್ಟುಕೊಂಡು ಬೇಕಾದದ್ದಕ್ಕಿಂತ ಎಷ್ಟೋ ದೂರ ಹೋಗುತ್ತದೆ. ತೋಳು ಕೆಡುವುದು ಆ ಕ್ಷಣದಲ್ಲಿ. ಆದ್ದರಿಂದ ನಿಧಾನವಾಗಿ ಒತ್ತುತ್ತಾ ಹೋಗಬೇಕು, ಅದು ಸರಿದೊಡನೆ ನಿಲ್ಲಿಸಬೇಕು. ದಿಕ್ಕೂ ತಪ್ಪಬಾರದು. ತೋಳು ಹೊರಕ್ಕೆ, ಹಲಗೆಗೆ ಸಮಾಂತರವಾಗಿ ಸರಿಯುವಂತೆ ಮಾಡಿರುವುದು, ಮೇಲಕ್ಕೆ ಎತ್ತಲು ಅಲ್ಲ. ಮೇಲಕ್ಕೆ ಮೀಟಿದರೆ ಅದನ್ನು ಬೋರ್ಡಿಗೆ ಹಿಡಿದಿರುವ ಬೆಸುಗೆಯೇ ಕಿತ್ತುಬರಬಹುದು.

ಇಷ್ಟನ್ನು ಹುಡುಗಿಗೆ ಹೇಳಿ ಕೆಲಸಕ್ಕೆ ಕೂತೆವು. ಮೊದಲು ವಿದ್ಯುತ್ತು. ವಿಂಡೋಸಿನಲ್ಲಿ ಶಟ್ ಡೌನ್ ಒತ್ತಿದರೂ ಕೆಲವು ಯಂತ್ರಗಳು ಪೂರ್ತಿ ಮುಚ್ಚದೆ ಅರೆನಿದ್ದೆಯ ಲೆಕ್ಕ ಉಳಿಸಿಕೊಂಡಿರುತ್ತವೆ. ಪೂರ್ತಿ ಮುಚ್ಚಲು ಈ ಆದೇಶ ಕೊಟ್ಟೆವು:

```
shutdown /s /t 0
```

ಚಾರ್ಜರ್ ಕಿತ್ತು, ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದೆವು. ಮೈಯಲ್ಲಿರಬಹುದಾದ ಸ್ಥಾಯೀವಿದ್ಯುತ್ತು ಹೋಗಲೆಂದು ಬರಿಗೈಯಲ್ಲಿ ಕಿಟಕಿಯ ಕಬ್ಬಿಣ ಮುಟ್ಟಿ ಬಂದೆವು. ಮೃದುವಾದ ಬ್ರಷ್ಷಿನಿಂದ ಎರಡೂ ಕ್ಲಿಪ್ಪುಗಳ ಸುತ್ತಲಿನ ದೂಳು ತೆಗೆದೆವು. ಟಾರ್ಚ್ ಹಿಡಿದು ನೋಡಿದರೆ ಬಲಗಡೆಯ ನಾಲಿಗೆಯ ಕೆಳಗೆ ಬೂದು ಬಣ್ಣದ ದೂಳಿನ ಮುದ್ದೆ ಸಿಕ್ಕಿಕೊಂಡಿತ್ತು. ಅದನ್ನು ಬಿದಿರಿನ ಹಲ್ಲುಕಡ್ಡಿಯಿಂದ ಬಿಡಿಸಿದೆವು.

ಎರಡು ಹೆಬ್ಬೆರಳ ಉಗುರುಗಳನ್ನು ಎರಡು ತೋಳುಗಳ ತುದಿಯ ಒಳಬದಿಗೆ ಇಟ್ಟು, ತೋರುಬೆರಳುಗಳಿಂದ ಹಲಗೆಯ ಮೂಲೆಗಳನ್ನು ತುಸು ಅದುಮಿ, ಹೊರಕ್ಕೆ ಸರಿಸಬೇಕು. ಎರಡೂ ಒಟ್ಟಿಗೆ ಬಿಟ್ಟರೆ ಕೆಲಸ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಎಡಗಡೆ ಬಿಟ್ಟಿತು, ಬಲಗಡೆ ಬಿಡಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಗೆಲ್ಲಬೇಕೆಂಬ ಹಟ ಬೇಡ. ಎಡಗಡೆ ಬಿಟ್ಟಾಗ ಆ ಮೂಲೆ ಒಂದಿಷ್ಟು ಎದ್ದಿತ್ತು. ಅದು ಮತ್ತೆ ಸಿಕ್ಕಿಕೊಳ್ಳದಂತೆ ನಾಲಿಗೆ ಮತ್ತು ಹಲಗೆಯ ನಡುವೆ ಹಳೆಯ ವಿಸಿಟಿಂಗ್ ಕಾರ್ಡಿನ ಚೂರೊಂದನ್ನು ಇಟ್ಟೆವು. ಈಗ ಬಲಗಡೆಗೆ ಎರಡು ಕೈಯೂ ಬಿಡುವಾಯಿತು. ಒಂದು ಕೈಯ ಬೆರಳು ಮೂಲೆಯನ್ನು ಅದುಮಿತು. ಇನ್ನೊಂದು ಕೈಯ ಉಗುರಿಗೆ ಬಲ ಸಾಲದೆ, ಮೊಬೈಲ್ ರಿಪೇರಿಯವರು ಬಳಸುವ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯನ್ನು ತೋಳಿನ ತುದಿಗೆ ಕೊಟ್ಟು ಮೆಲ್ಲಗೆ ತಿರುಗಿಸಿದೆವು. ಲೋಹದ ಸ್ಕ್ರೂಡ್ರೈವರ್ ಬೇಡವೆಂದದ್ದು ಇದಕ್ಕೇ: ಬಿಗಿದ ಕ್ಲಿಪ್ ಬಿಟ್ಟುಕೊಂಡಾಗ ಕೈಯಲ್ಲಿದ್ದದ್ದು ಜಾರುತ್ತದೆ. ಪ್ಲಾಸ್ಟಿಕ್ ಜಾರಿದರೆ ಏನೂ ಆಗುವುದಿಲ್ಲ. ಉಕ್ಕು ಜಾರಿದರೆ ಬೋರ್ಡಿನ ಮೇಲಿನ ಕೂದಲಿನಂಥ ತಾಮ್ರದ ಗೆರೆ ಕತ್ತರಿಸಬಹುದು.

ನಾಲಿಗೆ ಸರಿಯಿತು. ಅದುಮಿದ್ದ ಬೆರಳನ್ನು ಸಡಿಲಿಸಿದೊಡನೆ ಹಲಗೆ ತಾನಾಗಿ ಎದ್ದು ಓರೆಯಾಗಿ ನಿಂತಿತು. ಹುಡುಗಿ "ಅಯ್ಯೋ, ಇಷ್ಟೇನಾ!" ಎಂದಳು. ಎದ್ದ ಹಲಗೆಯನ್ನು ಎರಡು ಪಕ್ಕದ ಅಂಚುಗಳಲ್ಲಿ ಹಿಡಿದು ಅದು ನಿಂತ ಓರೆಯಲ್ಲೇ ನೇರವಾಗಿ ಎಳೆಯಬೇಕು. ನೆಟ್ಟಗೆ ನಿಲ್ಲಿಸಿದರೂ, ಎಡಬಲ ಅಲ್ಲಾಡಿಸಿದರೂ ಪಿನ್ನುಗಳು ಸೊಟ್ಟಗಾಗುತ್ತವೆ. ಈ ಸ್ಲಾಟುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯುಷ್ಯ 25 ಬಾರಿ ಹಾಕಿ ತೆಗೆಯುವಷ್ಟು. ಸುಮ್ಮನೆ ಅಭ್ಯಾಸಕ್ಕೆಂದು ತೆಗೆದು ಹಾಕುತ್ತಿರುವುದು ಒಳ್ಳೆಯದಲ್ಲ.

ಹೊಸದನ್ನು ಕೂರಿಸುವ ಮುನ್ನ ಸ್ಲಾಟಿನ ಆರೋಗ್ಯ ನೋಡಿದೆವು. ಎರಡು ತೋಳುಗಳೂ ಒಂದೇ ಎತ್ತರದಲ್ಲಿ, ಒಂದೇ ಓರೆಯಲ್ಲಿ ಇವೆಯೇ? ಒಂದು ಹೊರಕ್ಕೆ ವಾಲಿದ್ದರೆ ಅದು ಬಾಗಿದೆ. ಲೋಹದ ತೋಳು ಅಲ್ಪಸ್ವಲ್ಪ ಬಾಗಿದ್ದರೆ ಒಮ್ಮೆ ಮೆಲ್ಲನೆ ಒಳಕ್ಕೆ ಒತ್ತಿ ಸರಿಪಡಿಸಬಹುದು. ಪದೇ ಪದೇ ಮಾಡಿದರೆ ಅದು ಮುರಿಯುತ್ತದೆ. ಬೆರಳಿನಿಂದ ಮುಟ್ಟಿದಾಗ ತೋಳು ಬುಡಸಮೇತ ಅಲ್ಲಾಡಿದರೆ ಬೆಸುಗೆ ಬಿಟ್ಟಿದೆ. ಆ ಕೆಲಸ ಬೆಸುಗೆ ಬಲ್ಲ ರಿಪೇರಿಯವರದು.

ಹೊಸ ರ‍್ಯಾಮನ್ನು ಅದೇ ಓರೆಯಲ್ಲಿ, ಗೆರೆಗಳ ನಡುವಿನ ಕಚ್ಚು ಸ್ಲಾಟಿಗೆ ಹೊಂದುವಂತೆ, ಚಿನ್ನದ ಗೆರೆಗಳ ತೆಳುವಾದ ಒಂದು ಅಂಚು ಮಾತ್ರ ಕಾಣುವವರೆಗೆ ಒಳಕ್ಕೆ ತಳ್ಳಿ, ಕೆಳಕ್ಕೆ ಮಲಗಿಸಿದೆವು. ಎರಡೂ ಕಡೆ ಕ್ಲಿಕ್ ಎಂದಿತು. ಆ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಕಂಡರೆ ಹಲಗೆ ಸೊಟ್ಟಗೆ ಕೂತಿದೆ. ಮಲಗಿಸಿದ ಮೇಲೂ ಒಂದು ಮೂಲೆ ಎದ್ದಿದ್ದರೆ ಆ ಕಡೆಯ ಕ್ಲಿಪ್ ಹಿಡಿದಿಲ್ಲ. ಇಂಥ ಅರೆಹಿಡಿತ ಕೂಡಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ಯಂತ್ರ ಒಮ್ಮೆ ಶುರುವಾಗಿ, ಇನ್ನೊಮ್ಮೆ ಆಗದೆ, ಲ್ಯಾಪ್‌ಟಾಪ್ ಎತ್ತಿ ಇಳಿಸಿದಾಗ ಪರದೆ ಸ್ತಬ್ಧವಾಗುತ್ತಾ ತಿಂಗಳುಗಟ್ಟಲೆ ಕಾಡುತ್ತದೆ.

ಬ್ಯಾಟರಿ ಜೋಡಿಸಿ ಆನ್ ಮಾಡಿದಾಗ ಪರದೆ ಕೆಲಹೊತ್ತು ಕಪ್ಪಾಗೇ ಇತ್ತು. ಹುಡುಗಿಯ ಕೈ ಮತ್ತೆ ಸ್ಕ್ರೂಡ್ರೈವರ್ ಕಡೆಗೆ ಹೋಯಿತು. ತಾಳು ಎಂದೆ. ಹೊಸ ರ‍್ಯಾಮ್ ಕಂಡ ಲ್ಯಾಪ್‌ಟಾಪ್ ಅದರ ವೇಗವನ್ನು ಅಳೆದು ಹೊಂದಿಸಿಕೊಳ್ಳಲು ಮೊದಲ ಸಲ ಒಂದೆರಡು ನಿಮಿಷ ತೆಗೆದುಕೊಳ್ಳಬಹುದು. ಪರದೆ ಬೆಳಗಿತು, 8 ಜಿಬಿ ಎಂದು ತೋರಿಸಿತು. `mdsched.exe` ಓಡಿಸಿ ಮೆಮೊರಿ ಪರೀಕ್ಷೆಯನ್ನೂ ಮುಗಿಸಿದೆವು, ದೋಷ ಬರಲಿಲ್ಲ.

ಹೊರಡುವಾಗ ಅವಳು ಹಳೆಯ 4 ಜಿಬಿ ಹಲಗೆಯನ್ನು ಬೆಳಕಿಗೆ ಹಿಡಿದು ಅದರ ಬಲಗಡೆಯ ಕಚ್ಚನ್ನು ತೋರಿಸಿದಳು. ನಾಲಿಗೆ ಆರು ವರ್ಷ ಒತ್ತಿಕೊಂಡಿದ್ದ ಕಡೆ ಹಸಿರು ಬಣ್ಣದ ಮೇಲೆ ಹೊಳೆಯುವ ಸಣ್ಣ ಗೆರೆಯೊಂದು ಉಳಿದಿತ್ತು. ಎಡಗಡೆ ಅಂಥದ್ದಿರಲಿಲ್ಲ. ಬಲಗಡೆಯದು ಏಕೆ ಬಿಡಲಿಲ್ಲ ಎಂಬುದನ್ನು ನಾನು ಮತ್ತೆ ವಿವರಿಸಬೇಕಾಗಲಿಲ್ಲ.