ಪಿತ್ತಕೋಶದ ಕಲ್ಲು: ಜಿಡ್ಡಿನ ಊಟದ ನಂತರದ ನೋವು

ಬಲಗಡೆಯ ಪಕ್ಕೆಲುಬುಗಳ ಕೆಳಗೆ, ಯಕೃತ್ತಿಗೆ ಅಂಟಿಕೊಂಡಂತೆ ಒಂದು ಪುಟ್ಟ ಚೀಲವಿದೆ. ಅದೇ ಪಿತ್ತಕೋಶ. ಯಕೃತ್ತು ತಯಾರಿಸಿದ ಪಿತ್ತರಸದ ಒಂದು ಭಾಗ ಊಟವಿಲ್ಲದ ಹೊತ್ತಿನಲ್ಲಿ ಇಲ್ಲಿ ಬಂದು ನಿಲ್ಲುತ್ತದೆ. ಚೀಲ ಹಿಡಿಯುವುದು ಸುಮಾರು 30ರಿಂದ 50 ಮಿಲಿಲೀಟರ್ ಮಾತ್ರ. ತುಪ್ಪ, ಎಣ್ಣೆ ಅಥವಾ ಮಾಂಸದ ಕೊಬ್ಬು ಸಣ್ಣ ಕರುಳಿನ ಆರಂಭದ ಭಾಗವನ್ನು ತಲುಪಿದಾಗ ಅಲ್ಲಿಂದ ಕೊಲೆಸಿಸ್ಟೋಕೈನಿನ್ ಎಂಬ ಹಾರ್ಮೋನು ಹೊರಡುತ್ತದೆ. ಅದರ ಪ್ರಭಾವದಿಂದ ಪಿತ್ತಕೋಶ ಹಿಂಡಿದಂತೆ ಕುಗ್ಗಿ ಪಿತ್ತರಸವನ್ನು ಕರುಳಿಗೆ ತಳ್ಳುತ್ತದೆ. ಜಿಡ್ಡಿನ ಊಟಕ್ಕೂ ನೋವಿಗೂ ಇರುವ ನಂಟು ಇಲ್ಲಿಯದು.

ಪಿತ್ತರಸದಲ್ಲಿ ಕರಗಿರುವ ಕೊಲೆಸ್ಟರಾಲ್ ಮಿತಿ ಮೀರಿದಾಗ, ಅಥವಾ ಚೀಲ ಸರಿಯಾಗಿ ಖಾಲಿಯಾಗದೆ ರಸ ನಿಂತೇ ಇದ್ದಾಗ, ಅದು ಹರಳುಗಟ್ಟಿ ನಿಧಾನವಾಗಿ ಕಲ್ಲಾಗುತ್ತದೆ. ಹೆಂಗಸರಲ್ಲಿ, ಬಸುರಿನಲ್ಲಿ, ಬೊಜ್ಜಿದ್ದವರಲ್ಲಿ, ಇದ್ದಕ್ಕಿದ್ದಂತೆ ಬಹಳ ತೂಕ ಇಳಿಸಿಕೊಂಡವರಲ್ಲಿ ಇದರ ಸಾಧ್ಯತೆ ಹೆಚ್ಚು. ಕೆಂಪು ರಕ್ತಕಣಗಳು ಬೇಗನೆ ಒಡೆಯುವ ಕಾಯಿಲೆಗಳಲ್ಲಿ ಬಿಲಿರುಬಿನ್ ಎಂಬ ಬಣ್ಣದ್ರವ್ಯದಿಂದ ಕಪ್ಪು ಕಲ್ಲುಗಳಾಗುತ್ತವೆ.

ಚೀಲದೊಳಗೆ ಸುಮ್ಮನೆ ಕೂತ ಕಲ್ಲು ನೋಯುವುದಿಲ್ಲ. ಚೀಲ ಕುಗ್ಗಿದಾಗ ಕಲ್ಲು ಅದರ ಕುತ್ತಿಗೆಯಲ್ಲಿ ಸಿಕ್ಕಿಕೊಂಡರೆ, ಮುಚ್ಚಿದ ದಾರಿಯ ಎದುರು ಒತ್ತಡ ಏರಿ ನೋವು ಶುರುವಾಗುತ್ತದೆ. ಊಟವಾಗಿ ಒಂದೆರಡು ಗಂಟೆಯ ಮೇಲೆ, ಬಹಳ ಸಲ ರಾತ್ರಿ ನಿದ್ದೆಯಲ್ಲಿ, ಹೊಟ್ಟೆಯ ಮೇಲ್ಭಾಗದ ಬಲಕ್ಕೆ ಅಥವಾ ನಡುವೆ ಅದು ಕಾಣಿಸಿಕೊಳ್ಳುತ್ತದೆ. ಬಲ ಹೆಗಲಿನ ಹಿಂದಕ್ಕೂ ಹರಡಬಹುದು. ಹೂಸು ಬಿಟ್ಟರೆ, ಮಗ್ಗುಲು ಬದಲಿಸಿದರೆ ಕಡಿಮೆಯಾಗುವ ನೋವಲ್ಲ ಇದು. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮನೆ ಇದ್ದು, ಕಲ್ಲು ಹಿಂದಕ್ಕೆ ಜಾರಿದಾಗ ಇಳಿಯುತ್ತದೆ.

ಒಂದು ಉದಾಹರಣೆ ನೋಡಬಹುದು. 42 ವರ್ಷದ ಮಹಿಳೆಯೊಬ್ಬರಿಗೆ ಮದುವೆ ಊಟ ಮಾಡಿದ ರಾತ್ರಿ ಇಂಥ ನೋವು ಬಂದು ಮೂರು ಗಂಟೆಯಲ್ಲಿ ಹೋಗುತ್ತದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾರೆ. ತಿಂಗಳ ನಂತರ ಅದೇ ನೋವು ಮರಳಿದಾಗ ವೈದ್ಯರು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ಗೆ ಬರೆಯುತ್ತಾರೆ. ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುವುದಕ್ಕೆ ಕಾರಣವಿದೆ: ಊಟ ಮಾಡಿದ್ದರೆ ಪಿತ್ತಕೋಶ ಕುಗ್ಗಿ, ಒಳಗಿನದು ಸ್ಪಷ್ಟವಾಗಿ ಕಾಣುವುದಿಲ್ಲ. ಪರದೆಯ ಮೇಲೆ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ, ಮಗ್ಗುಲಾದಾಗ ಕಲ್ಲು ಉರುಳುತ್ತದೆ. ಇವರ ವರದಿಯಲ್ಲಿ ಹಲವು ಸಣ್ಣ ಕಲ್ಲುಗಳಿವೆ. ಚೀಲದ ಗೋಡೆ 2 ಮಿಲಿಮೀಟರ್, ಅಂದರೆ ದಪ್ಪವಾಗಿಲ್ಲ. ರಕ್ತಪರೀಕ್ಷೆಯೂ ಸಹಜವಾಗಿದೆ. ಕಲ್ಲು ಇನ್ನೂ ಚೀಲದಲ್ಲೇ ಇದೆ, ಊತವಿಲ್ಲ ಎಂಬುದು ಇದರ ಅರ್ಥ. ರಕ್ತಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ಕಲ್ಲಿಲ್ಲ ಎಂದಲ್ಲ.

ಕಲ್ಲು ಸಿಕ್ಕಿಕೊಂಡೇ ಉಳಿದರೆ ಚಿತ್ರ ಬದಲಾಗುತ್ತದೆ. ನೋವು ಆರು ಗಂಟೆ ದಾಟುತ್ತದೆ, ಜ್ವರ ಬರುತ್ತದೆ, ಬಲಪಕ್ಕೆಯ ಕೆಳಗೆ ಒತ್ತಿ ಹಿಡಿದು ಉಸಿರೆಳೆದುಕೊಳ್ಳಲು ಹೇಳಿದರೆ ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಇದು ಪಿತ್ತಕೋಶದ ಉರಿಯೂತ. ಸ್ಕ್ಯಾನಿಂಗ್‌ನಲ್ಲಿ ಗೋಡೆ ದಪ್ಪವಾಗಿ, ಸುತ್ತ ನೀರು ತುಂಬಿರುವುದು ಕಾಣಬಹುದು; ರಕ್ತದಲ್ಲಿ ಬಿಳಿಕಣಗಳು ಏರುತ್ತವೆ.

ಸಣ್ಣ ಕಲ್ಲು ಚೀಲದಿಂದ ಜಾರಿ ಮುಖ್ಯ ಪಿತ್ತನಾಳಕ್ಕೆ ಇಳಿದರೆ ಕಣ್ಣು ಹಳದಿಯಾಗಿ, ಮೂತ್ರ ಗಾಢ ಬಣ್ಣಕ್ಕೆ ತಿರುಗಬಹುದು. ಆಗ ಬಿಲಿರುಬಿನ್ ಮತ್ತು ಆಲ್ಕಲೈನ್ ಫಾಸ್ಫಟೇಸ್ ಏರುತ್ತವೆ. ಪಕ್ಕದ ಮೇದೋಜೀರಕ ಗ್ರಂಥಿ ಊದಿಕೊಂಡರೆ ಲೈಪೇಸ್ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ನಾಳದ ಕೆಳಭಾಗವನ್ನು ಕರುಳಿನ ಗಾಳಿ ಮರೆಮಾಡುವುದರಿಂದ ಸಾಮಾನ್ಯ ಸ್ಕ್ಯಾನಿಂಗ್ ಇಲ್ಲಿ ಹಲವು ಸಲ ಸೋಲುತ್ತದೆ. ಅದಕ್ಕೆ ಎಂಆರ್‌ಸಿಪಿ ಎಂಬ ಎಂಆರ್‌ಐ ಪರೀಕ್ಷೆ, ಅಥವಾ ಬಾಯಿಯ ಮೂಲಕ ಇಳಿಸುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಇಆರ್‌ಸಿಪಿಯಲ್ಲಿ ಕಲ್ಲನ್ನು ಹೊರತೆಗೆಯಲೂ ಆಗುತ್ತದೆ; ಆದರೆ ಅದರಿಂದಲೇ ಮೇದೋಜೀರಕ ಗ್ರಂಥಿ ಊದುವ ಅಪಾಯವಿರುವುದರಿಂದ ಕೇವಲ ನೋಡುವುದಕ್ಕೆಂದು ಅದನ್ನು ಮಾಡುವುದಿಲ್ಲ. ಕೊಲೆಸ್ಟರಾಲ್ ಕಲ್ಲು ಕೆಲವೊಮ್ಮೆ ಸಿಟಿ ಸ್ಕ್ಯಾನ್‌ಗೂ ತಪ್ಪಿಸಿಕೊಳ್ಳುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಸಿಕ್ಕಿದೊಡನೆ ನೋವಿಗೆ ಅದೇ ಕಾರಣ ಎಂದು ತೀರ್ಮಾನಿಸಲಾಗದು. ಕಲ್ಲಿರುವವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಿಲ್ಲ. ಜಠರದ ಹುಣ್ಣು, ಕೆಲವೊಮ್ಮೆ ಹೃದಯಾಘಾತವೂ ಇದೇ ಜಾಗದಲ್ಲಿ ನೋಯಿಸುವುದರಿಂದ ಇಸಿಜಿ ಮಾಡಿಸುವುದುಂಟು. ಉದಾಹರಣೆಯ ಮಹಿಳೆಯಲ್ಲಿ ನೋವಿನ ಲಕ್ಷಣವೂ ಸ್ಕ್ಯಾನಿಂಗ್ ವರದಿಯೂ ತಾಳೆಯಾಗುತ್ತವೆ, ನೋವು ಮರುಕಳಿಸಿದೆ. ಅಂಥವರಿಗೆ ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನೇ ತೆಗೆಯುವ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆ ಸೂಚಿಸಲಾಗುತ್ತದೆ. ಕಲ್ಲನ್ನಷ್ಟೇ ತೆಗೆದು ಚೀಲ ಉಳಿಸಿದರೆ ಕಲ್ಲು ಮತ್ತೆ ಕಟ್ಟಬಹುದು. ಚೀಲವಿಲ್ಲದಿದ್ದರೂ ಯಕೃತ್ತಿನ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತಲೇ ಇರುತ್ತದೆ.